ಬುಟಿಕ್‌ಗೆ ರೀಫಂಡ್, ಎಕ್ಸ್‌ಚೇಂಜ್ ನಿಯಮ ಬರೆಯುವುದು ಹೇಗೆ?

ಜಯನಗರ 4ನೇ ಬ್ಲಾಕ್ ಇರಲಿ, ಮಲ್ಲೇಶ್ವರ 8ನೇ ಕ್ರಾಸ್ ಇರಲಿ, ಸಣ್ಣ ಬಟ್ಟೆ ಅಂಗಡಿಯ ಬಿಲ್ಲಿನ ಕೆಳಗೆ ಒಂದು ಸಾಲು ಕಾಣಿಸುತ್ತದೆ: "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ." ಬುಟಿಕ್ ಶುರು ಮಾಡುವವರು ಬಿಲ್ ಬುಕ್ ಪ್ರಿಂಟ್ ಮಾಡಿಸುವಾಗ ಪ್ರೆಸ್‌ನವರೇ ಈ ಸಾಲನ್ನು ಸೇರಿಸಿ ಕೊಡುವುದೂ ಉಂಟು. ಇದು ಅಂಗಡಿಯನ್ನು ಕಾಪಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕಾಪಾಡುವುದಿಲ್ಲ. ಮಾಲಿನಲ್ಲಿ ದೋಷ ಇದ್ದರೆ ಈ ಸಾಲಿಗೆ ಬೆಲೆಯೇ ಇಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ನೀವು ಒಂದು ಅವಧಿ ಬರೆದಿದ್ದರೆ ಅಷ್ಟರೊಳಗೆ, ಏನೂ ಬರೆಯದಿದ್ದರೆ 30 ದಿನದೊಳಗೆ ವಾಪಸ್ ಪಡೆಯಬೇಕು. ಬಿಲ್ಲೇ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ "ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ತೀನಿ" ಎಂಬ ವ್ಯವಹಾರ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಬಿಲ್ ಇಲ್ಲದ ಕಡೆ ನಿಮ್ಮ ನಿಯಮವನ್ನು ತೋರಿಸಲು ಕಾಗದವೇ ಇರುವುದಿಲ್ಲ.

ಗ್ರಾಹಕರು 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ. ಮೂರು ಸಾವಿರದ ಕುರ್ತಾಗೆ ಯಾರು ಅಲ್ಲಿವರೆಗೆ ಹೋಗುತ್ತಾರೆ ಅಂತ ಅನ್ನಿಸಬಹುದು. ಕೆಲವರು ಹೋಗುತ್ತಾರೆ. ಅಲ್ಲಿ ನೀವು ವಾಯಿದೆಗೆ ಹಾಜರಾಗಲು ಅಂಗಡಿ ಮುಚ್ಚುವ ಅರ್ಧ ದಿನದ ವ್ಯಾಪಾರವೇ ಕುರ್ತಾದ ಬೆಲೆಗಿಂತ ಜಾಸ್ತಿ.

ಮೊದಲು ಎರಡು ಭಾಗ ಮಾಡಿ

ನಿಯಮ ಬರೆಯಲು ಕೂತಾಗ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ "ಮಾಲಿನಲ್ಲಿ ದೋಷ", ಬಲಗಡೆ "ಗ್ರಾಹಕರ ಮನಸ್ಸು ಬದಲಾಯಿತು" ಎಂದು ಬರೆಯಿರಿ. ಎಡಗಡೆಯದು ಕಾನೂನು. ಅಲ್ಲಿ ನಿಮಗೆ ಹೆಚ್ಚು ಆಯ್ಕೆ ಇಲ್ಲ. ಬಲಗಡೆಯದು ನಿಮ್ಮ ಮರ್ಜಿ. ಬಣ್ಣ ಇಷ್ಟವಾಗಲಿಲ್ಲ, ಅತ್ತೆಗೆ ಒಪ್ಪಿಗೆಯಾಗಲಿಲ್ಲ, ಮನೆಯಲ್ಲಿ ಅಂಥದ್ದೇ ಇನ್ನೊಂದಿದೆ, ಇವೆಲ್ಲ ಬಲಗಡೆಗೆ. ಅಂಗಡಿಯಲ್ಲಿ ಕೂತು ಆರಿಸಿ ತೆಗೆದುಕೊಂಡ ಸರಿಯಾದ ಮಾಲನ್ನು ವಾಪಸ್ ಪಡೆಯಲೇಬೇಕೆಂದು ಕಾನೂನು ಹೇಳುವುದಿಲ್ಲ. ಎಷ್ಟು ದಿನ, ಯಾವ ಮಾಲಿಗೆ, ಹಣವೋ ಬದಲಿ ಮಾಲೋ, ಎಲ್ಲ ನೀವೇ ತೀರ್ಮಾನಿಸಬಹುದು. ಆದರೆ ಅದನ್ನು ದುಡ್ಡು ತೆಗೆದುಕೊಳ್ಳುವ ಮುಂಚೆ ಹೇಳಿರಬೇಕು.

ಜಗಳ ಹುಟ್ಟುವುದು ಈ ಎರಡನ್ನೂ ಒಂದೇ ಸಾಲಿನಲ್ಲಿ ಬರೆದಾಗ. "7 ದಿನದಲ್ಲಿ ಎಕ್ಸ್‌ಚೇಂಜ್ ಮಾತ್ರ, ರೀಫಂಡ್ ಇಲ್ಲ" ಎಂದು ಬರೆದರೆ ದೋಷದ ಮಾಲಿಗೂ ಅದೇ ಅಂತ ಅರ್ಥವಾಗುತ್ತದೆ. ಕೌಂಟರಿನಲ್ಲಿ ಕೂತ ಹುಡುಗಿಯೂ ಹಾಗೇ ಓದಿ ಹೇಳುತ್ತಾಳೆ. ಒಂದೇ ಒಗೆತಕ್ಕೆ ಬಣ್ಣ ಬಿಟ್ಟು ಬಿಳಿ ದುಪಟ್ಟಾ ಹಾಳಾದವರಿಗೆ ಕ್ರೆಡಿಟ್ ನೋಟ್ ಕೈಗಿತ್ತರೆ ಅವರಿಗೆ ಸಿಟ್ಟು ಬರುವುದು ಸಹಜ, ಅಲ್ವಾ?

ದೋಷ ಅಂದರೆ ಏನು ಅಂತ ಬಟ್ಟೆಯ ಮಾತಿನಲ್ಲಿ ಬರೆಯಿರಿ

"ತಯಾರಿಕಾ ದೋಷ" ಎಂದಷ್ಟೇ ಬರೆದರೆ ಇಬ್ಬರಿಗೂ ಏನೂ ತಿಳಿಯುವುದಿಲ್ಲ. ನೇಯ್ಗೆಯಲ್ಲಿ ತೂತು, ಹೊಲಿಗೆ ಬಿಚ್ಚಿಕೊಳ್ಳುವುದು, ಜಿಪ್ ಕೆಡುವುದು, ಹೇಳಿದ ರೀತಿ ಒಗೆದರೂ ಬಣ್ಣ ಬಿಡುವುದು, ಲೇಬಲ್ಲಿನ ಅಳತೆಗೂ ಬಟ್ಟೆಗೂ ತಾಳೆ ಇಲ್ಲದಿರುವುದು, ಪ್ಯೂರ್ ಸಿಲ್ಕ್ ಎಂದು ಕೊಟ್ಟದ್ದು ಬೇರೆ ನೂಲಾಗಿರುವುದು, ಹೀಗೆ ಬಿಡಿಸಿ ಬರೆಯಿರಿ. ಕೈಮಗ್ಗದ ಸೀರೆ ಮಾರುವವರು ಇನ್ನೊಂದು ಸಾಲು ಸೇರಿಸಬೇಕು: ನೂಲಿನಲ್ಲಿ ಸಣ್ಣ ಗಂಟು, ಬಣ್ಣದಲ್ಲಿ ತುಸು ಏರಿಳಿತ ಕೈನೇಯ್ಗೆಯಲ್ಲಿ ಇರುವುದೇ, ಅದು ದೋಷವಲ್ಲ. ಆದರೆ ಆ ಗಂಟನ್ನು ಮಾರುವಾಗಲೇ ಸೀರೆ ಬಿಡಿಸಿ ತೋರಿಸಿ.

ಬಣ್ಣದ ವಿಷಯದಲ್ಲಿ ಮಾಲು ಬಂದ ದಿನವೇ ಒಂದು ಪರೀಕ್ಷೆ ಮಾಡಿಟ್ಟುಕೊಳ್ಳಿ. ಬಿಳಿ ಹತ್ತಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಹಿಂಡಿ, ಬಟ್ಟೆಯ ಒಳಮಗ್ಗುಲಲ್ಲಿ ಹತ್ತು ಸಲ ಉಜ್ಜಿ. ಬಿಳಿ ತುಂಡಿಗೆ ಬಣ್ಣ ಹತ್ತಿದರೆ ಆ ಲಾಟಿನ ಪ್ರತಿ ಬಿಲ್ಲಿನಲ್ಲೂ "ಮೊದಲು ಬಣ್ಣ ಬಿಡುತ್ತದೆ, ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ" ಎಂದು ಬರೆದುಕೊಡಿ. ತುಂಬಾ ಹತ್ತಿದರೆ ಮಾರಬೇಡಿ, ವ್ಯಾಪಾರಿಗೆ ವಾಪಸ್ ಕಳಿಸಿ. ಮೊದಲೇ ಬರೆದುಕೊಟ್ಟಿದ್ದು ಮುಂದೆ ನಿಮ್ಮ ಪರವಾಗಿ ನಿಲ್ಲುತ್ತದೆ.

ಹೊಲಿಗೆ ಹತ್ತಿರ ನೂಲು ಸರಿದು ಬಾಯಿಬಿಟ್ಟ ಕುರ್ತಾ ವಾಪಸ್ ಬಂದಾಗ ಯಾರ ತಪ್ಪು ಅಂತ ತಿಳಿಯುವುದು ಕಷ್ಟ. ಬಿಗಿಯಾದ ಸೈಜ್ ಹಾಕಿಕೊಂಡರೂ ಹಾಗಾಗುತ್ತದೆ, ನೇಯ್ಗೆ ಸಡಿಲ ಇದ್ದರೂ ಹಾಗಾಗುತ್ತದೆ. ಅದೇ ಲಾಟಿನ ಮಾರದ ಪೀಸ್ ಒಂದನ್ನು ತೆಗೆಯಿರಿ. ಹೊಲಿಗೆಯ ಎರಡೂ ಬದಿ ಹೆಬ್ಬೆರಳಿಟ್ಟು ಗ್ರಾಹಕರ ಎದುರೇ ಹದವಾಗಿ ಎಳೆಯಿರಿ. ಅದರಲ್ಲೂ ನೂಲು ಸರಿದರೆ ದೋಷ ಬಟ್ಟೆಯದು. ಹಣ ವಾಪಸ್ ಕೊಡಿ, ಉಳಿದ ಪೀಸ್‌ಗಳನ್ನೂ ರ‍್ಯಾಕ್‌ನಿಂದ ತೆಗೆಯಿರಿ.

ದೋಷಕ್ಕೆ ಎಷ್ಟು ದಿನ ಕೊಡಬೇಕು? 30 ದಿನ ಅಂತಲೇ ಬರೆಯಿರಿ ಎಂದು ನನ್ನ ಸಲಹೆ. ಬಿಲ್ಲಿನಲ್ಲಿ 3 ದಿನ ಎಂದು ಬರೆಯಲು ಜಾಗ ಇದೆ ನಿಜ. ಆದರೆ ಮದುವೆಗೆಂದು ತೆಗೆದ ಸೀರೆಯನ್ನು ಮೂರು ದಿನದಲ್ಲಿ ಯಾರೂ ಉಡುವುದಿಲ್ಲ. ಬಿಚ್ಚಿಯೇ ನೋಡದ ಸೀರೆಯ ದೋಷವನ್ನು ಮೂರು ದಿನದಲ್ಲಿ ಹೇಳಿ ಅನ್ನುವುದು ನ್ಯಾಯವಲ್ಲ, ಆಯೋಗದ ಮುಂದೆ ಅದು ನಿಲ್ಲುವುದೂ ಅನುಮಾನ. ದೋಷದ ಮಾಲಿಗೆ ಗ್ರಾಹಕರು ಹಣ ಕೇಳಿದರೆ ಹಣವನ್ನೇ ಕೊಡಬೇಕು. ಕ್ರೆಡಿಟ್ ನೋಟ್ ತೆಗೆದುಕೊಳ್ಳಿ ಅಂತ ಒತ್ತಾಯ ಮಾಡುವಂತಿಲ್ಲ.

ಮನಸ್ಸು ಬದಲಾದರೆ

ಇಲ್ಲಿ ನನಗೆ ಸರಿ ಅನ್ನಿಸುವ ಲೆಕ್ಕ ಇದು: 7 ದಿನದೊಳಗೆ ಬದಲಿ ಮಾಲು, ಇಷ್ಟವಾದದ್ದು ಸಿಗದಿದ್ದರೆ 6 ತಿಂಗಳು ನಡೆಯುವ ಕ್ರೆಡಿಟ್ ನೋಟ್. ಒಂದೊಂದೇ ಪೀಸ್ ತರುವ ಸಣ್ಣ ಬುಟಿಕ್‌ಗೆ ಹಣ ವಾಪಸ್ ಕೊಡುವುದು ಭಾರ. ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದರೆ ಜನ ಒಪ್ಪುತ್ತಾರೆ.

"7 ದಿನ" ಎಂದು ಪ್ರಿಂಟ್ ಮಾಡಿಸಿ ಬಿಟ್ಟುಬಿಡಬೇಡಿ. ಕೊಂಡ ದಿನವೂ ಸೇರಿ ಏಳೋ, ಮರುದಿನದಿಂದ ಏಳೋ, ಸೋಮವಾರ ನಿಮ್ಮ ರಜೆ ಇದ್ದರೆ ಅದೂ ಲೆಕ್ಕಕ್ಕೋ ಎಂದು ವಾದ ಬೆಳೆಯುತ್ತದೆ. ಬಿಲ್ಲಿನ ಮೇಲೆ ಪೆನ್ನಿನಲ್ಲಿ ಬರೆದುಕೊಡಿ: "ಬದಲಾವಣೆಗೆ ಕೊನೆಯ ದಿನ 22 ಆಗಸ್ಟ್." ಒಂದು ತಾರೀಕು ಬರೆದರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು. ವರಮಹಾಲಕ್ಷ್ಮಿ, ಗೌರಿ ಹಬ್ಬಕ್ಕೆ ಬಾಗಿನ, ಉಡುಗೊರೆ ಅಂತ ತೆಗೆಯುವವರು ಹತ್ತು ದಿನ ಮುಂಚೆಯೇ ಬರುತ್ತಾರೆ. ಉಡುಗೊರೆ ಪಡೆದವರು ಹಬ್ಬದ ದಿನ ಬಿಚ್ಚಿ ನೋಡುವ ಹೊತ್ತಿಗೆ ನಿಮ್ಮ ಏಳು ದಿನ ಮುಗಿದಿರುತ್ತದೆ. ಉಡುಗೊರೆಗೆ ಅಂತ ಹೇಳಿದರೆ ಕೊನೆಯ ದಿನವನ್ನು ಹಬ್ಬದಿಂದ ಲೆಕ್ಕ ಹಾಕಿ ಬರೆಯಿರಿ.

ಉಟ್ಟು ವಾಪಸ್ ತರುವವರಿಂದ ಬುಟಿಕ್‌ಗೆ ಆಗುವ ನಷ್ಟ ಸಣ್ಣದಲ್ಲ. ಟ್ಯಾಗನ್ನು ಒಳಗೆ ಹಾಕದೆ ಕುರ್ತಾದ ಬೆನ್ನಿನ ಮೇಲ್ಭಾಗದಲ್ಲಿ, ಸೀರೆಯಾದರೆ ಸೆರಗಿನ ಹೊರಗಡೆ, ಎದ್ದು ಕಾಣುವ ಹಾಗೆ ಹಾಕಿ. ಅದನ್ನು ಕತ್ತರಿಸದೆ ಸಮಾರಂಭಕ್ಕೆ ಹೋಗಲು ಆಗಬಾರದು. ವಾಪಸ್ ಬಂದಾಗ ನಾಲ್ಕು ಕಡೆ ನೋಡಿ: ಕಂಕುಳಲ್ಲಿ ಬೆವರು ಅಥವಾ ಸ್ಪ್ರೇ ವಾಸನೆ, ಕುತ್ತಿಗೆ ಅಂಚಿನಲ್ಲಿ ಪೌಡರ್, ಸೀರೆಯ ನೆರಿಗೆ ಮತ್ತು ಹೆಗಲಿನ ಜಾಗದಲ್ಲಿ ಪಿನ್ನಿನ ತೂತು, ಕೆಳ ಅಂಚಿನಲ್ಲಿ ಧೂಳು. ಕೆಳ ಅಂಚು ಸುಳ್ಳು ಹೇಳುವುದಿಲ್ಲ. ಮನೆಯೊಳಗೆ ಒಮ್ಮೆ ಹಾಕಿ ನೋಡಿದ ಬಟ್ಟೆಯ ಅಂಚು ಅಷ್ಟು ಮಾಸುವುದಿಲ್ಲ. ಗುರುತು ಕಂಡರೆ "ನೀವು ಉಟ್ಟಿದ್ದೀರಿ" ಎಂದು ಆಪಾದನೆ ಮಾಡಬೇಡಿ. "ಇದನ್ನು ನಾನು ಹೊಸದು ಅಂತ ಇನ್ನೊಬ್ಬರಿಗೆ ಮಾರಲು ಆಗಲ್ಲ ಮೇಡಂ" ಎಂದು ಆ ಜಾಗ ತೋರಿಸಿ. ಅದು ಸತ್ಯ, ಅದರಲ್ಲಿ ಅವಮಾನವೂ ಇಲ್ಲ.

ಫಾಲ್, ಜಿಗ್‌ಜಾಗ್ ಹಾಕಿಸಿದ ಸೀರೆ, ಕುಚ್ಚು ಕಟ್ಟಿಸಿದ್ದು, ಬ್ಲೌಸ್ ಪೀಸ್ ಕತ್ತರಿಸಿದ್ದು, ಒಳಉಡುಪು, ಡಿಸ್ಕೌಂಟ್ ಸೇಲ್ ಮಾಲು, ಇವುಗಳಿಗೆ ಮನಸ್ಸು ಬದಲಾದರೆ ಎಕ್ಸ್‌ಚೇಂಜ್ ಇಲ್ಲ ಎಂದು ಬರೆಯಬಹುದು. ಸೇಲ್‌ನಲ್ಲಿ ಕೊಟ್ಟ ಮಾಲಿನಲ್ಲೂ ದೋಷ ಇದ್ದರೆ ಎಡಗಡೆಯ ನಿಯಮವೇ ನಡೆಯುತ್ತದೆ. ದೋಷದ ಪೀಸ್ ಅಂತಲೇ ಕಮ್ಮಿಗೆ ಕೊಟ್ಟಿದ್ದರೆ ಯಾವ ದೋಷ, ಎಲ್ಲಿ ಎಂದು ಬಿಲ್ಲಿನಲ್ಲಿ ಬರೆದಿರಬೇಕು.

ಹೊಲಿಸಿದ ಬಟ್ಟೆ: ಇಲ್ಲಿ ನಿಧಾನವಾಗಿ ಬರೆಯಿರಿ

ಬುಟಿಕ್‌ನಲ್ಲಿ ಅತಿ ಕಷ್ಟದ ಜಗಳ ಬ್ಲೌಸಿನದು. ಒಬ್ಬರ ಅಳತೆಗೆ ಕತ್ತರಿಸಿದ್ದನ್ನು ಇನ್ನೊಬ್ಬರಿಗೆ ಮಾರಲು ಆಗುವುದಿಲ್ಲ. ಬಟ್ಟೆಯೂ ಎಷ್ಟೋ ಸಲ ಗ್ರಾಹಕರದ್ದೇ. ಒಂದು ಉದಾಹರಣೆ ಹಿಡಿದು ಪೂರ್ತಿ ನೋಡೋಣ.

ಗ್ರಾಹಕಿ 9,500 ರೂಪಾಯಿಯ ರೇಷ್ಮೆ ಸೀರೆ ತಂದು ಅದರದೇ ಬ್ಲೌಸ್ ಪೀಸ್‌ನಲ್ಲಿ ತೋಳಿಗೆ ಆರಿ ವರ್ಕ್ ಮಾಡಿಸಿ ಹೊಲಿಯಲು ಕೊಟ್ಟರು ಎಂದಿಟ್ಟುಕೊಳ್ಳಿ. ವರ್ಕ್ ಮತ್ತು ಹೊಲಿಗೆ ಸೇರಿ 4,200 ರೂಪಾಯಿ, ಅಡ್ವಾನ್ಸ್ 2,000. ಭಾನುವಾರ ಮದುವೆ, ಗುರುವಾರ ಬ್ಲೌಸ್ ತೆಗೆದುಕೊಂಡು ಹೋಗಿ ಶುಕ್ರವಾರ ಬೆಳಗ್ಗೆ ವಾಪಸ್ ಬಂದರು. ತೋಳು ಬಿಗಿ, ಕೈ ಎತ್ತಲು ಆಗುತ್ತಿಲ್ಲ.

ತಪ್ಪು ಯಾರದು ಎಂಬುದನ್ನು ಅಳತೆ ಚೀಟಿ ಹೇಳಬೇಕು. ಚೀಟಿಯಲ್ಲಿ ಬರೀ "ತೋಳಿನ ಸುತ್ತಳತೆ 11" ಅಂತ ಇದ್ದರೆ ಸಾಲದು. ಅದು ಮೈ ಅಳತೆಯೋ, ಹೊಲಿದು ಮುಗಿದ ಬಟ್ಟೆಯ ಅಳತೆಯೋ ಎಂದು ಬರೆದಿರಬೇಕು. ಮೈ ಅಳತೆಯನ್ನೇ ಬಟ್ಟೆ ಅಳತೆ ಅಂದುಕೊಂಡು ಟೈಲರ್ ಕತ್ತರಿಸಿದರೆ ತೋಳು ಬಿಗಿಯಾಗಲೇಬೇಕು. ಅಳತೆ ಬ್ಲೌಸ್ ಕೊಟ್ಟಿದ್ದರೆ ಅದರ ಮೇಲೆ ಟೇಪ್ ಇಟ್ಟು ಒಂದು ಫೋಟೋ ತೆಗೆದಿಡಿ. ಚೀಟಿಗೆ ಗ್ರಾಹಕರ ಸಹಿ ಹಾಕಿಸಿ, ಅದರ ಫೋಟೋವನ್ನು ಅವರ ವಾಟ್ಸಾಪ್‌ಗೂ ಕಳಿಸಿ.

ನಮ್ಮ ಉದಾಹರಣೆಯಲ್ಲಿ ಬಟ್ಟೆ ಅಳತೆ 11 ಇಂಚು ಅಂತ ಇದೆ. ಕೌಂಟರಿನ ಮೇಲೆ ಬ್ಲೌಸ್ ಹಾಸಿ ಅವರ ಎದುರೇ ಟೇಪ್ ಹಿಡಿದರೆ ಹತ್ತೂಕಾಲು ಬರುತ್ತದೆ. ಮುಕ್ಕಾಲು ಇಂಚು ಕಮ್ಮಿ. ತಪ್ಪು ಅಂಗಡಿಯದು, ಇನ್ನು ವಾದ ಬೇಡ. ಬ್ಲೌಸ್ 11 ಇಂಚೇ ಇದ್ದು, ಕೈಯ ಸುತ್ತಳತೆ ಈಗ ಜಾಸ್ತಿ ಆಗಿದ್ದರೆ ಕೂಲಿ ತೆಗೆದುಕೊಂಡು ಬಿಚ್ಚಿ ಕೊಡಬಹುದು.

ಅಂಗಡಿ ತಪ್ಪು ಅಂತಾದ ಮೇಲೆ ಮೊದಲ ಕೆಲಸ ಸರಿಪಡಿಸುವುದು. ಒಳಗೆ ಎರಡೂ ಬದಿ ಅರ್ಧ ಅರ್ಧ ಇಂಚು ಜಾಸ್ತಿ ಬಟ್ಟೆ ಬಿಟ್ಟಿದ್ದರೆ ಬಿಚ್ಚಬಹುದು. ಆದರೆ ಆರಿ ವರ್ಕ್ ಹಳೆಯ ಹೊಲಿಗೆಗೇ ನಿಂತಿರುವುದರಿಂದ ಬಿಚ್ಚಿದ ಜಾಗ ಬೋಳಾಗಿ ಕಾಣುತ್ತದೆ. ಅಷ್ಟು ಜಾಗಕ್ಕೆ ವರ್ಕ್ ತುಂಬಿಸಲು ಕೆಲಸಗಾರರು ಶನಿವಾರದೊಳಗೆ ಸಿಗುತ್ತಾರೋ ಇಲ್ಲವೋ ಎಂದು ಗ್ರಾಹಕಿಯ ಎದುರೇ ಫೋನ್ ಮಾಡಿ ತಿಳಿದುಕೊಳ್ಳಿ. ಸಿಕ್ಕರೆ ಉಚಿತವಾಗಿ ಮಾಡಿಕೊಡಬೇಕು. ಸಿಗದಿದ್ದರೆ ಭಾನುವಾರಕ್ಕೆ ಆ ಬ್ಲೌಸಿನಿಂದ ಉಪಯೋಗವಿಲ್ಲ, ಪಡೆದ ಕೂಲಿ 4,200ನ್ನೂ ವಾಪಸ್ ಕೊಡುವುದು ನ್ಯಾಯ.

ಬಟ್ಟೆಯೇ ಹಾಳಾಗಿದ್ದರೆ? ಕೂಲಿಯ ಜೊತೆ ಬಟ್ಟೆಯ ಬೆಲೆಯನ್ನೂ ಕೊಡಬೇಕು. ಇಲ್ಲಿ ಗ್ರಾಹಕರು ಸೀರೆಯ ಪೂರ್ತಿ ಬೆಲೆ ಕೇಳುವುದುಂಟು. ಸೀರೆ ಹಾಳಾಗಿಲ್ಲ, ಪೀಸ್ ಹಾಳಾಗಿದೆ. ಬ್ಲೌಸ್ ಪೀಸ್ ಸೇರಿ ಸೀರೆ 6.3 ಮೀಟರ್, ಪೀಸ್ 0.8 ಮೀಟರ್ ಅಂತ ಹಿಡಿದರೆ ಅದರ ಪಾಲು ಸುಮಾರು 1,200 ರೂಪಾಯಿ. ಮ್ಯಾಚಿಂಗ್ ರೇಷ್ಮೆ ಬಟ್ಟೆ ಹೊರಗಡೆ ಇದಕ್ಕಿಂತ ಜಾಸ್ತಿ ಬೆಲೆಗೆ ಸಿಕ್ಕರೆ ಆ ಬೆಲೆಯನ್ನೇ ಕೊಡಿ. ಈ ಲೆಕ್ಕ ಆಮೇಲೆ ಜಗಳದ ಮಧ್ಯೆ ಮಾಡುವಂಥದ್ದಲ್ಲ. ಆರ್ಡರ್ ತೆಗೆದುಕೊಳ್ಳುವಾಗಲೇ ಸೀರೆಯ ಬೆಲೆ ಕೇಳಿ ಚೀಟಿಯಲ್ಲಿ ಬರೆಯಿರಿ, ಹಾಳಾದರೆ ಏನು ಕೊಡುತ್ತೀರಿ ಅಂತಲೂ ಬರೆಯಿರಿ. ನೀವು ಬರೆದ ಮಿತಿಯನ್ನು ಆಯೋಗ ಒಪ್ಪಲೇಬೇಕು ಅಂತೇನಿಲ್ಲ. ಆದರೆ ಲೆಕ್ಕಕ್ಕೆ ಒಂದು ಆಧಾರ ಇದ್ದರೆ, ಅದನ್ನು ಮೊದಲೇ ತಿಳಿಸಿದ್ದರೆ, ಬಹುಪಾಲು ಮಾತು ಅಂಗಡಿಯಲ್ಲೇ ಮುಗಿಯುತ್ತದೆ.

ಈ ಇಡೀ ಉದಾಹರಣೆಯಲ್ಲಿ ನಿಜವಾಗಿ ಕೈಕೊಟ್ಟದ್ದು ತಾರೀಕು. ಗುರುವಾರ ಕೊಟ್ಟು ಭಾನುವಾರದ ಮದುವೆ ಅಂದರೆ ಸರಿಪಡಿಸಲು ಸಮಯವೇ ಉಳಿಯುವುದಿಲ್ಲ. ಸಮಾರಂಭದ ದಿನ ಕೇಳಿ ಬರೆದುಕೊಳ್ಳಿ, ಟ್ರಯಲ್ ಅದಕ್ಕಿಂತ ಕನಿಷ್ಠ ಏಳು ದಿನ ಮುಂಚೆ ಇಡಿ. ಟ್ರಯಲ್‌ಗೆ ಬನ್ನಿ ಅಂತ ಮೆಸೇಜ್ ಕಳಿಸಿಯೂ ಗ್ರಾಹಕರು ಬರದಿದ್ದರೆ ಆ ಮೆಸೇಜ್ ನಿಮ್ಮ ಬಳಿ ಇರುತ್ತದೆ. ಸಮಯಕ್ಕೆ ಕೊಡಲು ಆಗದ ಆರ್ಡರನ್ನು ಮದುವೆ ಸೀಸನ್‌ನಲ್ಲಿ ಒಪ್ಪಿಕೊಳ್ಳಲೇಬೇಡಿ.

ದುಡ್ಡಿನ ಲೆಕ್ಕ

ರೀಫಂಡ್ ಆದರೆ ಯುಪಿಐನಲ್ಲಿ ಬಂದದ್ದನ್ನು ಯುಪಿಐನಲ್ಲೇ, ಕಾರ್ಡಿನಲ್ಲಿ ಬಂದದ್ದನ್ನು ಕಾರ್ಡಿಗೇ ಕಳಿಸಿ. ನಗದಿನಲ್ಲಿ ಕೊಟ್ಟರೆ ಬಿಲ್ಲಿನ ಕಾಪಿಯ ಮೇಲೆ ಸಹಿ ಹಾಕಿಸಿ. ಎಷ್ಟು ದಿನದೊಳಗೆ ಅಂತ ನಿಯಮದಲ್ಲೇ ಬರೆಯಿರಿ.

ಎಕ್ಸ್‌ಚೇಂಜ್‌ನಲ್ಲಿ ಜಿಎಸ್‌ಟಿ ಒಂದು ಕಡೆ ಎಡವಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸಿನ ಬೆಲೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ 5%, ಅದಕ್ಕಿಂತ ಜಾಸ್ತಿಯಾದರೆ 18% ತೆರಿಗೆ. 2,400ರ ಕುರ್ತಾಗೆ ತೆರಿಗೆ ಸೇರಿ 2,520 ಆಗುತ್ತದೆ. ಅದನ್ನು ಕೊಟ್ಟು 2,900ರದ್ದು ತೆಗೆದುಕೊಂಡರೆ ತೆರಿಗೆ ಸೇರಿ 3,422. ವ್ಯತ್ಯಾಸ 500 ಅಂದುಕೊಂಡು ಬಂದವರು 902 ಕೊಡಬೇಕಾಗುತ್ತದೆ. ಅದಕ್ಕೇ ಟ್ಯಾಗಿನ ಮೇಲೆ ತೆರಿಗೆ ಸೇರಿದ ಬೆಲೆಯನ್ನೇ ಬರೆಯಿರಿ, ಆಗ ವ್ಯತ್ಯಾಸ ಎಲ್ಲರಿಗೂ ಕಣ್ಣೆದುರೇ ಇರುತ್ತದೆ. ಹಳೆಯ ಬಿಲ್ಲನ್ನು ತಿದ್ದಬೇಡಿ. ವಾಪಸ್ ಬಂದ ಮಾಲಿಗೆ ಜಿಎಸ್‌ಟಿ ಕ್ರೆಡಿಟ್ ನೋಟ್ ಮಾಡಿ, ಹೊಸ ಮಾಲಿಗೆ ಹೊಸ ಬಿಲ್ ಹಾಕಿ. ಗ್ರಾಹಕರ ಕೈಗೆ ಕೊಡುವ ಅಂಗಡಿಯ ಕ್ರೆಡಿಟ್ ನೋಟ್ ಬೇರೆ ಕಾಗದ. ಅದಕ್ಕೆ ನಂಬರ್, ಮೊತ್ತ, ಕೊನೆಯ ದಿನ ಇರಲಿ.

ಇನ್‌ಸ್ಟಾಗ್ರಾಂ, ವಾಟ್ಸಾಪ್ ಆರ್ಡರ್

ಆನ್‌ಲೈನ್ ಮಾರಾಟಕ್ಕೆ 2020ರ ಇ-ಕಾಮರ್ಸ್ ನಿಯಮಗಳಿವೆ. ದೋಷದ ಮಾಲಷ್ಟೇ ಅಲ್ಲ, ಹೇಳಿದಂತೆ ಇಲ್ಲದ ಮಾಲು, ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನೂ ವಾಪಸ್ ಪಡೆಯಲು ಇಲ್ಲ ಅನ್ನುವಂತಿಲ್ಲ. ದೂರು ಬಂದರೆ 48 ಗಂಟೆಯೊಳಗೆ ಸಿಕ್ಕಿತು ಎಂದು ಉತ್ತರಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಫೋಟೋದಲ್ಲಿ ಬಣ್ಣ ಬೇರೆ ಕಾಣುವ ದೂರು ಜಾಸ್ತಿ. ಹಗಲು ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ಒಂದು ಫೋಟೋ ಹಾಕಿ. ಪಾರ್ಸೆಲ್ ಬಿಚ್ಚುವ ವಿಡಿಯೋ ಕೇಳುವುದು ಸರಿ, ವಿಡಿಯೋ ಇಲ್ಲ ಎಂಬ ಒಂದೇ ಕಾರಣಕ್ಕೆ ಕಣ್ಣಿಗೆ ಕಾಣುವ ತೂತನ್ನು ಒಪ್ಪದಿರುವುದು ಸರಿಯಲ್ಲ. ದೋಷ ಇದ್ದರೆ ಕೊರಿಯರ್ ಖರ್ಚು ನಿಮ್ಮದು, ಮನಸ್ಸು ಬದಲಾದರೆ ಅವರದು.

ಬರೆದ ಮೇಲೆ ಹೀಗೆ ಕಾಣಬೇಕು

> ದೋಷ ಇದ್ದರೆ: 30 ದಿನದೊಳಗೆ ಬಿಲ್ ಜೊತೆ ತನ್ನಿ. ಬದಲಿ ಮಾಲು ಅಥವಾ ಪೂರ್ತಿ ಹಣ, ನಿಮ್ಮ ಆಯ್ಕೆ. ಹಣವನ್ನು 7 ದಿನದೊಳಗೆ ಕಳಿಸುತ್ತೇವೆ. ಸೇಲ್ ಮಾಲಿಗೂ ಇದೇ ನಿಯಮ.
>
> ಮನಸ್ಸು ಬದಲಾದರೆ: ಬಿಲ್ಲಿನಲ್ಲಿ ಬರೆದ ತಾರೀಕಿನೊಳಗೆ, ಉಡದೆ, ಒಗೆಯದೆ, ಟ್ಯಾಗ್ ಸಮೇತ ತನ್ನಿ. ಬದಲಿ ಮಾಲು ಅಥವಾ 6 ತಿಂಗಳ ಕ್ರೆಡಿಟ್ ನೋಟ್ ಕೊಡುತ್ತೇವೆ, ಹಣ ವಾಪಸ್ ಇಲ್ಲ. ಫಾಲ್ ಹಾಕಿದ, ಕುಚ್ಚು ಕಟ್ಟಿದ, ಕತ್ತರಿಸಿದ ಬಟ್ಟೆ, ಒಳಉಡುಪು, ಸೇಲ್ ಮಾಲಿಗೆ ಇದು ಅನ್ವಯಿಸುವುದಿಲ್ಲ.
>
> ಹೊಲಿಗೆ: ಅಳತೆ ಚೀಟಿಯಂತೆ ಇಲ್ಲದಿದ್ದರೆ ಉಚಿತವಾಗಿ ಸರಿಪಡಿಸುತ್ತೇವೆ. ನಿಮ್ಮ ಸಮಾರಂಭಕ್ಕೆ ಮುಂಚೆ ಆಗದಿದ್ದರೆ ಕೂಲಿ ವಾಪಸ್. ನಮ್ಮಿಂದ ಬಟ್ಟೆ ಹಾಳಾದರೆ ಆ ಬಟ್ಟೆಯ ಬೆಲೆಯನ್ನೂ ಕೊಡುತ್ತೇವೆ.

ಇದನ್ನು ಬಿಲ್ಲಿನ ಹಿಂಭಾಗದಲ್ಲಿ ಮಾತ್ರ ಹಾಕಿದರೆ ಗ್ರಾಹಕರು ನೋಡುವುದು ದುಡ್ಡು ಕೊಟ್ಟ ಮೇಲೆ. ಕೌಂಟರ್ ಮುಂದೆ ಮತ್ತು ಟ್ರಯಲ್ ರೂಮಿನ ಕನ್ನಡಿ ಪಕ್ಕ ದೊಡ್ಡ ಅಕ್ಷರದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕಿ. ಸೇಲ್ ಮಾಲು ಮತ್ತು ಹೊಲಿಗೆ ಆರ್ಡರ್ ಇದ್ದಾಗ ಬಾಯಲ್ಲೂ ಒಮ್ಮೆ ಹೇಳಿ. ಆಮೇಲೆ ಯಾವಾಗಲಾದರೂ ನಿಯಮ ಬದಲಾಯಿಸಿದರೆ ಹೊಸ ಬೋರ್ಡಿನ ಮೇಲೆ ಯಾವ ತಾರೀಕಿನಿಂದ ಎಂದು ಬರೆಯಿರಿ. ಅದಕ್ಕೂ ಮುಂಚಿನ ಬಿಲ್ಲುಗಳಿಗೆ ಹಳೆಯ ನಿಯಮವೇ ನಡೆಯುತ್ತದೆ.